ಸಂಬಳದ ತಾರೀಖು ಬದಲಾಯಿಸಲು ಎರಡು ಸಲ ನೋಟಿಸ್ ಬರೆದೆ

ನಮ್ಮಲ್ಲಿ ಸುಮಾರು 40 ಜನ. ಸಂಬಳ ತಿಂಗಳ ಕೊನೆಯ ದಿನ ಆಗುತ್ತಿತ್ತು. ಅದನ್ನು ಮುಂದಿನ ತಿಂಗಳ 5ಕ್ಕೆ ತಳ್ಳಬೇಕಾಯಿತು, ನೋಟಿಸ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಎರಡೇ ಸಾಲು ಬರೆದೆ: "ಆಡಳಿತಾತ್ಮಕ ಕಾರಣಗಳಿಂದ ಇನ್ನು ಮುಂದೆ ವೇತನವನ್ನು 5ನೇ ತಾರೀಖು ಪಾವತಿಸಲಾಗುವುದು." ಮಧ್ಯಾಹ್ನದ ಊಟದ ಹೊತ್ತಿಗೆ ಕಂಪನಿಯ ಕೈಯಲ್ಲಿ ದುಡ್ಡಿಲ್ಲವಂತೆ ಅನ್ನೋ ಸುದ್ದಿ ಹಬ್ಬಿತ್ತು. ಅವರ ತಪ್ಪೇನಿಲ್ಲ, ಕಾರಣ ಹೇಳದಿದ್ದರೆ ಜನ ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ ಅಲ್ವಾ.

ನಿಜವಾದ ಕಾರಣ ಹಾಜರಿ. ಕೊನೆಯ ದಿನ ಸಂಬಳ ಹಾಕಬೇಕಾದರೆ 25ಕ್ಕೇ ಹಾಜರಿ ಮುಚ್ಚಬೇಕು, ಉಳಿದ ದಿನಗಳಿಗೆ ಎಲ್ಲರೂ ಬಂದಿದ್ದಾರೆ ಅಂತ ಅಂದಾಜಿನ ಮೇಲೆ ಲೆಕ್ಕ ಹಾಕಬೇಕು. ಆ ದಿನಗಳಲ್ಲಿ ಯಾರೋ ರಜೆ ಹಾಕುತ್ತಾರೆ, ಇನ್ಯಾರೋ ಓವರ್‌ಟೈಮ್ ಮಾಡುತ್ತಾರೆ. ಅದನ್ನೆಲ್ಲ ಮುಂದಿನ ತಿಂಗಳು ಸರಿಪಡಿಸಬೇಕು, ಆಗ ಸಂಬಳದ ಚೀಟಿ ನೋಡಿದವರಿಗೆ ಯಾವ ಕಡಿತ ಯಾವ ತಿಂಗಳದ್ದು ಅಂತ ತಿಳಿಯುವುದಿಲ್ಲ. ಎರಡನೇ ನೋಟಿಸಿನಲ್ಲಿ ಇದನ್ನೇ ಬರೆದೆ. ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ: ಗ್ರಾಹಕರಿಂದ ನಮಗೆ ಹಣ ಬರುವುದು ತಿಂಗಳ ಮೊದಲ ಮೂರು ದಿನಗಳಲ್ಲಿ. ಮಾಲೀಕರು ಈ ಸಾಲು ಬೇಡ ಅಂದರು. ಜನ ಹೇಗೂ ಊಹಿಸಿ ಆಗಿದೆ ಸಾರ್, ನಾವೇ ಹೇಳಿದರೆ ಒಳ್ಳೆಯದು ಅಂದೆ.

ಆದರೆ ನೋಟಿಸ್ ಓದಿದವರಿಗೆ ಮುಖ್ಯವಾಗಿದ್ದು ಕಾರಣ ಅಲ್ಲ, ನಡುವಿನ ಆ ಒಂದು ತಿಂಗಳು. ಜೂನ್ ಸಂಬಳ ಜೂನ್ 30ಕ್ಕೆ, ಜುಲೈ ಸಂಬಳ ಆಗಸ್ಟ್ 5ಕ್ಕೆ ಅಂದರೆ ನಡುವೆ 36 ದಿನ. ಬಾಡಿಗೆ 1ಕ್ಕೆ, ಸಾಲದ ಕಂತು 2ಕ್ಕೆ ತಾನಾಗಿ ಕಟ್ ಆಗುತ್ತೆ. ಖಾತೆಯಲ್ಲಿ ಹಣ ಇಲ್ಲದಿದ್ದರೆ ದಂಡ. ಒಬ್ಬರು ಬಂದು "ನಿಮ್ಮ ಕಾರಣ ಸರಿ ಸಾರ್, ನನ್ನ ಕಂತಿಗೆ ಏನು ಹೇಳಲಿ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಒಂದೇ ಏಟಿಗೆ ಬದಲಾಯಿಸಲಿಲ್ಲ. ಮೇ ತಿಂಗಳಲ್ಲೇ ನೋಟಿಸ್ ಕೊಟ್ಟು, ತಾರೀಖುಗಳನ್ನೇ ಬರೆದುಬಿಟ್ಟೆವು: "ಜುಲೈ ಸಂಬಳದ ಅರ್ಧ ಜುಲೈ 31ಕ್ಕೆ, ಉಳಿದದ್ದು ಆಗಸ್ಟ್ 5ಕ್ಕೆ. ಆಗಸ್ಟ್ ಸಂಬಳದ ಕಾಲು ಭಾಗ ಆಗಸ್ಟ್ 31ಕ್ಕೆ, ಉಳಿದದ್ದು ಸೆಪ್ಟೆಂಬರ್ 5ಕ್ಕೆ. ಸೆಪ್ಟೆಂಬರ್ ಸಂಬಳ ಪೂರ್ತಿ ಅಕ್ಟೋಬರ್ 5ಕ್ಕೆ. 5ನೇ ತಾರೀಖು ಬ್ಯಾಂಕ್ ರಜೆ ಇದ್ದರೆ ಹಿಂದಿನ ಕೆಲಸದ ದಿನವೇ ಸಂಬಳ. ಸಂಬಳದ ಮೊತ್ತದಲ್ಲಿ ಬದಲಾವಣೆ ಇಲ್ಲ." ಕಂತಿನ ತಾರೀಖು ಬದಲಾಯಿಸಲು ಬ್ಯಾಂಕಿಗೆ ಕೊಡಬೇಕಾದ ಪತ್ರವನ್ನೂ ಕೇಳಿದವರಿಗೆ ಬರೆದುಕೊಟ್ಟೆ. ಆ ಬದಲಾವಣೆಗೆ ದಿನ ಹಿಡಿಯುತ್ತೆ, ನೋಟಿಸ್ ಬೇಗ ಕೊಡಬೇಕಾಗಿದ್ದು ಅದಕ್ಕೇ.

ಒಂದು ವಿಷಯ ಮಾತ್ರ ಮರೆತಿದ್ದೆ: ಜುಲೈ ಮಧ್ಯದಲ್ಲಿ ಕೆಲಸ ಬಿಟ್ಟವರು. ಅವರೂ 5ರವರೆಗೆ ಕಾಯಬೇಕಾ ಅಂತ ಒಬ್ಬರು ಕೇಳಿದರು. ಬೇಡ, ಅವರ ಲೆಕ್ಕ ಮೊದಲಿನ ಹಾಗೆ ಬಿಡುವ ದಿನವೇ ಅಂತ ಕೆಳಗೆ ಒಂದು ಸಾಲು ಸೇರಿಸಿ, ನೋಟಿಸನ್ನು ಮತ್ತೆ ಅಂಟಿಸಿದೆ.