ಹಿರಿಯರ ಪರಿಚಯ, ಒಂದೂವರೆ ನಿಮಿಷದಲ್ಲಿ

ಹತ್ತು ವರ್ಷದಿಂದ ಊರಿನ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡುತ್ತಿದ್ದೇನೆ. ಮೊದಲೆಲ್ಲ ನಾನೂ ‘ಸೂರ್ಯನಿಗೆ ದೀಪ ಹಿಡಿದಂತೆ’ ಅಂತಲೇ ಶುರು ಮಾಡುತ್ತಿದ್ದೆ. ಒಮ್ಮೆ ಎಂಟು ನಿಮಿಷ ಹೊಗಳಿದೆ. ಮೈಕ್ ಹತ್ತಿರ ಬಂದ ಅತಿಥಿಗಳು ಮೆಲ್ಲಗೆ, "ತಮ್ಮಾ, ನನಗೇನು ಉಳಿಸಿದೆ?" ಅಂದರು. ಸಂಭಾವನೆ ಸಾವಿರದೈನೂರು ಅಂತ ಮಾತಾಗಿತ್ತು, ಕವರ್‌ನಲ್ಲಿ ಸಾವಿರ ಇತ್ತು. ಕಾರ್ಯಕ್ರಮ ತಡವಾಯಿತು ಅಂತ ಕಾರಣ.

ಆಮೇಲೆ ಬರೀ ಹೆಸರು ಹೇಳಿ ನೋಡಿದೆ. ಅದು ಅಹಂಕಾರದ ಹಾಗೆ ಕೇಳಿಸಿತು. ಇನ್ನೊಂದು ಕಡೆ ಒಬ್ಬರ ಬಡತನದ ಕಥೆ ಹೇಳಿದೆ, ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಮಗಳ ಮುಖ ಸಣ್ಣಗಾಯಿತು. ಅಂದಿನಿಂದ ಹೇಳುವುದನ್ನು ಮೊದಲೇ ಫೋನಿನಲ್ಲಿ ಅವರಿಗೇ ಓದಿ ಹೇಳುತ್ತೇನೆ.

ಕಳೆದ ವರ್ಷ ಎಂಬತ್ತು ದಾಟಿದ ಯಕ್ಷಗಾನದ ಮದ್ದಳೆಗಾರರೊಬ್ಬರನ್ನು ಪರಿಚಯಿಸಬೇಕಿತ್ತು. ಸಂಘದವರು ನಾಲ್ಕು ಪುಟ ಕೊಟ್ಟರು, ಬರೀ ಬಿರುದು. ಅದೆಲ್ಲ ಆಮಂತ್ರಣದಲ್ಲೇ ಇತ್ತು, ಸನ್ಮಾನಪತ್ರದಲ್ಲಿ ಇನ್ನೊಮ್ಮೆ ಬರುವುದಿತ್ತು. ನಾನು ಬಿಟ್ಟುಬಿಟ್ಟೆ. ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. ಯಾವ ಪ್ರಶ್ನೆ ಅಂತ ಇಲ್ಲಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು. ಇಪ್ಪತ್ತು ನಿಮಿಷ ಮಾತಾಡಿದರು. ಅದರಲ್ಲಿ ಇಷ್ಟು ಇಟ್ಟುಕೊಂಡೆ:

"ಇವರು ಹದಿನಾಲ್ಕಕ್ಕೆ ಮೇಳ ಸೇರಿದರು. ಮೊದಲ ವರ್ಷ ಹಿರಿಯರ ಮದ್ದಳೆ ಹೊರುವುದು, ಪೂರ್ವರಂಗಕ್ಕೆ ನುಡಿಸುವುದು. ಒಂದು ರಾತ್ರಿ ಮದ್ದಳೆಗಾರರಿಗೆ ಜ್ವರ. ಭಾಗವತರು ಪೂರ್ವರಂಗ ಮುಗಿಸಿದ ಹುಡುಗನಿಗೆ, ‘ಏಳಬೇಡ, ಕೂತ್ಕೋ’ ಅಂದರು. ಬೆಳಗಿನ ಮಂಗಳದವರೆಗೂ ಇವರೇ ನುಡಿಸಿದರು. ಮರುದಿನದಿಂದ ಮದ್ದಳೆ ಹೊರಲು ಬೇರೆ ಹುಡುಗ ಬಂದ."

ಇದಾದ ಮೇಲೆ ಹೆಸರು. ಹೆಸರು ಕೊನೆಗೇ ಬರಬೇಕು, ಚಪ್ಪಾಳೆ ತಾನಾಗಿ ಬೀಳುತ್ತದೆ.

‘ಮಹಾನ್’, ‘ಅಪ್ರತಿಮ’ ಒಂದೂ ಇಲ್ಲ, ನೋಡಿ. ಮರ್ಯಾದೆಯನ್ನು ‘ಸೇರಿದರು’, ‘ನುಡಿಸಿದರು’ ಅನ್ನುವ ಕ್ರಿಯಾಪದವೇ ಹೊತ್ತುಕೊಂಡಿದೆ. ಅದಕ್ಕೇ ಬಹುವಚನ ಒಂದು ಕಡೆಯೂ ತಪ್ಪಬಾರದು. ಜೊತೆಗೆ, ವೇದಿಕೆಯಲ್ಲೇ ಕೂತವರನ್ನು ‘ಅವರು’ ಅಂದರೆ ದೂರದವರ ಹಾಗಾಗುತ್ತದೆ, ‘ಇವರು’ ಅನ್ನಿ. ಬೆಲೆ ಕಟ್ಟುವ ಮಾತೂ ಬೇಡ. ಅವರ ಕೈಚಳಕ ‘ತುಂಬಾ ಚೆನ್ನಾಗಿದೆ’ ಅನ್ನಲು ನಾನ್ಯಾರು? ಹೊಗಳಿಕೆಯಲ್ಲಿ ನನಗೆ ಕಸಿವಿಸಿಯಾಗುವುದೇ ಅಲ್ಲಿ, ಚಿಕ್ಕವನು ದೊಡ್ಡವರಿಗೆ ಅಂಕ ಕೊಟ್ಟ ಹಾಗೆ.

ಕಾರ್ಯದರ್ಶಿಗಳಿಗೆ ಮೊದಲಿನಿಂದಲೂ ಅನುಮಾನ. "ಇಷ್ಟೇನಾ? ಬೇಜಾರು ಮಾಡ್ಕೋತಾರೆ" ಅಂದಿದ್ದರು. ಒಟ್ಟು ಒಂದೂವರೆ ನಿಮಿಷ ಆಗಿರಬಹುದು. ಮದ್ದಳೆಗಾರರು ಎದ್ದು ಬಂದವರೇ, "ಆ ಭಾಗವತರ ಹೆಸರು ಇವನು ಹೇಳಲಿಲ್ಲ, ನಾನು ಹೇಳುತ್ತೇನೆ" ಅಂತ ಶುರು ಮಾಡಿದರು. ಬೇಕೆಂದೇ ಬಿಟ್ಟಿದ್ದೆ.

ಈ ವರ್ಷ ಅದೇ ಸಂಘ ಎರಡೂವರೆ ಸಾವಿರ ಕೊಟ್ಟಿತು. ಕಾರ್ಯದರ್ಶಿಗಳು ಮಾತ್ರ ಈಗಲೂ, "ಎರಡು ಬಿರುದಾದರೂ ಹೇಳಬಹುದಿತ್ತು, ಅಲ್ವಾ?" ಅನ್ನುತ್ತಾರೆ.