ಸಣ್ಣ ಕರುಳಿನ ನಾಲ್ಕು ಅಂಕ

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಒಂದು ಪ್ರಶ್ನೆ ಇತ್ತು: ಆಹಾರದ ಜೀರ್ಣಕ್ರಿಯೆಯಲ್ಲಿ ಸಣ್ಣ ಕರುಳಿನ ಪಾತ್ರ ವಿವರಿಸಿ. ಒಬ್ಬ ಹುಡುಗ ಎರಡು ಪುಟ ತುಂಬಿಸಿದ್ದ, ಅಕ್ಷರವೂ ಅಂದವಾಗಿತ್ತು. ಹಿಂದೆಲ್ಲ ನಾನು ಇಂಥ ಉತ್ತರಕ್ಕೆ ಮೂರೂವರೆ ಹಾಕಿ ಪುಟ ತಿರುವುತ್ತಿದ್ದೆ. ಈ ಸಲ ಮೊದಲೇ ಅಂಶಗಳನ್ನು ಬರೆದಿಟ್ಟುಕೊಂಡು ಕೂತಿದ್ದೆ.

ಜಠರದಿಂದ ಬಂದ ಆಮ್ಲೀಯ ಆಹಾರವನ್ನು ಪಿತ್ತರಸ ಕ್ಷಾರೀಯವಾಗಿಸುತ್ತದೆ ಎಂಬುದಕ್ಕೆ ಅರ್ಧ, ಹಾಗಾದರೆ ಮಾತ್ರ ಮೇದೋಜೀರಕ ರಸದ ಕಿಣ್ವಗಳು ಕೆಲಸ ಮಾಡುತ್ತವೆ ಎಂಬ ಕಾರಣಕ್ಕೆ ಇನ್ನರ್ಧ. ಪಿತ್ತರಸ ಕೊಬ್ಬಿನ ದೊಡ್ಡ ಗೋಳಗಳನ್ನು ಚಿಕ್ಕದಾಗಿ ಒಡೆಯುತ್ತದೆ ಎಂದರೆ ಒಂದು. ಟ್ರಿಪ್ಸಿನ್ ಪ್ರೋಟೀನಿಗೆ, ಲೈಪೇಸ್ ಕೊಬ್ಬಿಗೆ ಎಂದು ಜೋಡಿಸಿದರೆ ಅರ್ಧರ್ಧ. ಕರುಳಿನ ರಸದಿಂದ ಕೊನೆಗೆ ಗ್ಲುಕೋಸ್, ಅಮೈನೋ ಆಮ್ಲ, ಕೊಬ್ಬಿನ ಆಮ್ಲ, ಗ್ಲಿಸರಾಲ್ ಸಿಗುತ್ತವೆ ಎಂಬುದಕ್ಕೆ ಅರ್ಧ. ಕರುಳಿನ ಒಳಗೋಡೆಯಲ್ಲಿ ಬೆರಳಿನಂತೆ ಚಾಚಿರುವ ವಿಲ್ಲೈಗಳು ಹೀರಿಕೊಳ್ಳುವ ಮೇಲ್ಮೈಯನ್ನು ಹೆಚ್ಚಿಸುತ್ತವೆ ಎಂದರೆ ಉಳಿದ ಅರ್ಧ.

ಆ ಹುಡುಗನ ಮೊದಲ ಪುಟವಿಡೀ ಬಾಯಿ, ಅನ್ನನಾಳ, ಜಠರದ ಕಥೆ. ಅದನ್ನು ಕೇಳಿರಲಿಲ್ಲ, ಹಾಗಾಗಿ ಅಂಕವೂ ಇಲ್ಲ. ಎರಡನೇ ಪುಟದಲ್ಲಿ 'ಪಿತ್ತರಸದ ಕಿಣ್ವಗಳು ಕೊಬ್ಬನ್ನು ಜೀರ್ಣಿಸುತ್ತವೆ' ಎಂದಿದ್ದ. ಪಿತ್ತರಸದಲ್ಲಿ ಜೀರ್ಣಕಾರಿ ಕಿಣ್ವವೇ ಇಲ್ಲ. ಪಿತ್ತರಸ, ಕೊಬ್ಬು ಎರಡೂ ಪದ ಇದ್ದವು, ಆದರೆ ಅವುಗಳ ಸಂಬಂಧ ತಪ್ಪಾಗಿತ್ತು. ಪದ ಕಂಡ ಕೂಡಲೇ ಟಿಕ್ ಹಾಕುವವರು ಎಡವುವುದು ಇಲ್ಲಿಯೇ. ಕ್ಷಾರೀಯ ಎಂದಿದ್ದ, ಕಾರಣ ಕೊಟ್ಟಿರಲಿಲ್ಲ. ವಿಲ್ಲೈ ಎಂಬ ಹೆಸರಿತ್ತು, ಕೆಲಸ ಹೇಳಿರಲಿಲ್ಲ. ಎರಡು ಕಿಣ್ವ, ಅಂತಿಮ ಉತ್ಪನ್ನಗಳು ಸರಿ ಇದ್ದವು. ಒಟ್ಟು ಎರಡು ಅಂಕ.

ಅದೇ ಕಟ್ಟಿನಲ್ಲಿ ಇನ್ನೊಬ್ಬಳ ಉತ್ತರ ಎಂಟೇ ಸಾಲು. 'ಸೋಪು ಜಿಡ್ಡನ್ನು ಚೂರು ಮಾಡುವ ಹಾಗೆ ಪಿತ್ತರಸ ಕೊಬ್ಬನ್ನು ಸಣ್ಣ ಸಣ್ಣ ಹನಿ ಮಾಡುತ್ತದೆ, ಆಗ ಲೈಪೇಸ್‌ಗೆ ಸುಲಭ' ಎಂದು ಬರೆದಿದ್ದಳು. ಪುಸ್ತಕದ ಮಾತಲ್ಲ, ಆದರೆ ವಿಷಯ ಪೂರ್ತಿ ಅರ್ಥವಾಗಿದೆ. ಆ ಅಂಶಕ್ಕೆ ಪೂರ್ಣ ಒಂದು ಅಂಕ ಕೊಟ್ಟೆ. ಅಂತಿಮ ಉತ್ಪನ್ನಗಳನ್ನು ಮಾತ್ರ ಬಿಟ್ಟಿದ್ದಳು, ಮೂರೂವರೆ ಬಂತು.

ಅಂಕವನ್ನು ಉತ್ತರದ ಕೊನೆಗೆ ಒಟ್ಟಾಗಿ ಬರೆಯದೆ, ಅಂಶ ಸಿಕ್ಕ ಸಾಲಿನ ಪಕ್ಕದಲ್ಲೇ ½ ಎಂದು ಹಾಕುತ್ತೇನೆ. ಮಗು ಬಂದು 'ಯಾಕೆ ಮಿಸ್, ಇಷ್ಟು ಬರೆದೆನಲ್ಲ' ಎಂದರೆ ತೋರಿಸಬಹುದು. ಒಬ್ಬರ ಇಡೀ ಪತ್ರಿಕೆ ಮುಗಿಸಿ ಇನ್ನೊಬ್ಬರದಕ್ಕೆ ಹೋಗುವುದನ್ನೂ ಬಿಟ್ಟೆ. ಎಲ್ಲರ ಇದೊಂದೇ ಪ್ರಶ್ನೆಯನ್ನು ಸಾಲಾಗಿ ತಿದ್ದಿದರೆ ಅಳತೆ ಕದಲುವುದು ಕಡಿಮೆ.

ಆದರೂ ಕದಲುತ್ತದೆ. ಸೋಪಿನ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಪತ್ರಿಕೆಯ ಆಸುಪಾಸಿನಲ್ಲಿ. ಅಲ್ಲಿಯವರೆಗೆ, ಕೊಬ್ಬನ್ನು ಹೀಗೆ ಹನಿ ಮಾಡುವುದಕ್ಕಿರುವ 'ಎಮಲ್ಸೀಕರಣ' ಎಂಬ ಪದವಿಲ್ಲದ ಉತ್ತರಗಳಿಗೆ ನಾನು ಅರ್ಧವನ್ನಷ್ಟೇ ಕೊಟ್ಟಿದ್ದೆ. ಪಟ್ಟಿಯಲ್ಲಿ ಆ ಅಂಶದ ಪಕ್ಕ 'ಸ್ವಂತ ಮಾತಾದರೂ ಸರಿ' ಎಂದು ಬರೆದು, ಮೊದಲ ಪತ್ರಿಕೆಯಿಂದ ಮತ್ತೆ ನೋಡಿದೆ. ಮೂವರಿಗೆ ಅರ್ಧ ಅಂಕ ಏರಿತು.