ಲಕ್ವ ಅಂತ ಕರೆತಂದಿದ್ದರು, ಮೀಟರ್ 31 ತೋರಿಸಿತು

ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ರಾತ್ರಿ ಡ್ಯೂಟಿ ಮಾಡುತ್ತಿದ್ದ ಕಾಲ. ಡಿಸೆಂಬರ್ ತಿಂಗಳು, ರಾತ್ರಿ ಹತ್ತೂವರೆ ಇರಬೇಕು. ಜೀಪಿನಿಂದ ಒಬ್ಬ ಅಜ್ಜನನ್ನು ಎತ್ತಿಕೊಂಡು ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ಬಲಗೈ ಜೋತುಬಿದ್ದಿತ್ತು. ಕರೆದರೆ ಕಣ್ಣು ಅರ್ಧ ತೆರೆದು ಏನೋ ತೊದಲುತ್ತಿದ್ದರು.

"ಲಕ್ವ ಹೊಡೆದಿದೆ ಸಾರ್, ಬೇಗ ದೊಡ್ಡಾಸ್ಪತ್ರೆಗೆ ಬರೆದುಕೊಡಿ" ಅಂದ ಮಗ.

ನನಗೂ ಹಾಗೇ ಅನಿಸಿತು. ಬಿಪಿ ಸ್ವಲ್ಪ ಜಾಸ್ತಿ, 160/90. ಬೆರಳಿಗೆ ಹಾಕಿದ ಆಕ್ಸಿಜನ್ ಮೀಟರ್ 97 ತೋರಿಸಿತು. ಸಿ.ಟಿ. ಸ್ಕ್ಯಾನ್ ಇರುವುದು ಜಿಲ್ಲಾ ಆಸ್ಪತ್ರೆಯಲ್ಲಿ, ಘಾಟಿ ದಾರಿಯಲ್ಲಿ ಎರಡು ಗಂಟೆ. ರೆಫರ್ ಚೀಟಿ ಅರ್ಧ ಬರೆದಿದ್ದೆ. ಆಗ ಸಿಸ್ಟರ್ ಅಂದರು, "ಸಾರ್, ಅಂಗಿ ನೋಡಿ, ಹಿಂಡಿದರೆ ನೀರು ಬರೋ ಹಾಗಿದೆ."

ಹೊರಗೆ ಮೈ ನಡುಗುವ ಚಳಿ. ಅಜ್ಜನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಪೆನ್ನು ಕೆಳಗಿಟ್ಟೆ.

ಗ್ಲುಕೋಮೀಟರ್ ತಂದು ಬೆರಳು ಚುಚ್ಚುವ ಮೊದಲು ಸಿಸ್ಟರ್ ಕೈಯನ್ನು ಚೆನ್ನಾಗಿ ಒರೆಸಿ, ಮೊದಲ ಹನಿ ರಕ್ತವನ್ನು ಬಿಟ್ಟು ಎರಡನೆಯದನ್ನು ತೆಗೆದುಕೊಂಡರು. ಇದು ಸುಮ್ನೆ ಶಿಸ್ತಿಗಾಗಿ ಅಲ್ಲ. ಮನೆಯಲ್ಲಿ ಯಾರೋ ಸಕ್ಕರೆ ನೀರು ಕುಡಿಸಲು ನೋಡಿದ್ದರು, ಅರ್ಧ ಕೈಮೇಲೆ ಚೆಲ್ಲಿತ್ತು. ಬೆರಳಿಗೆ ಅಂಟಿದ ಸಕ್ಕರೆ ಇದ್ದರೆ ಮೀಟರ್ ಸುಳ್ಳು ಹೇಳುತ್ತದೆ. 31 ಬಂದಿತು. ಸಾಮಾನ್ಯವಾಗಿ 70ಕ್ಕಿಂತ ಕೆಳಗಿಳಿದರೇ ನಾವು ಕಡಿಮೆ ಅನ್ನುತ್ತೇವೆ.

ರಕ್ತನಾಳಕ್ಕೆ ಸೂಜಿ ಹಾಕಿ ಶೇಕಡಾ 25ರ ಡೆಕ್ಸ್‌ಟ್ರೋಸ್ ನೂರು ಮಿಲಿ ಕೊಟ್ಟೆವು. ಅಂದರೆ 25 ಗ್ರಾಂ ಸಕ್ಕರೆ. ಬಾಟಲಿ ಮುಗಿಯುವ ಹೊತ್ತಿಗೆ ಅಜ್ಜ ಕಣ್ಣು ಬಿಟ್ಟು, "ಇದ್ಯಾಕೆ ಇಲ್ಲಿಗೆ ತಂದ್ರಿ?" ಅಂದರು. ಹತ್ತು ನಿಮಿಷದಲ್ಲಿ ಬಲಗೈಯಲ್ಲೇ ಮುಖ ಒರೆಸಿಕೊಂಡರು. ಮಗ ನನ್ನನ್ನು ಮಂತ್ರವಾದಿಯ ಹಾಗೆ ನೋಡಿದ. ನಾನು ಮಾತ್ರ ಆ ಅರ್ಧ ಬರೆದ ಚೀಟಿಯನ್ನೇ ನೋಡುತ್ತಿದ್ದೆ. ಹಾಗೇ ಕಳಿಸಿದ್ದರೆ ಮೆದುಳು ಇನ್ನೂ ಎರಡು ಗಂಟೆ ಸಕ್ಕರೆಯಿಲ್ಲದೆ ಘಾಟಿ ಸುತ್ತುತ್ತಿತ್ತು. ಅಷ್ಟು ಹೊತ್ತಿನಲ್ಲಿ ಫಿಟ್ಸ್ ಬರಬಹುದು, ಆಮೇಲೆ ಸಕ್ಕರೆ ಕೊಟ್ಟರೂ ಎಚ್ಚರ ಆಗದೇ ಇರಬಹುದು.

"ಆಕ್ಸಿಜನ್ ಸರಿಯಾಗೇ ಇತ್ತಲ್ಲ ಸಾರ್, ಮತ್ಯಾಕೆ ಹೀಗಾಯ್ತು?" ಅಂತ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

ಒಲೆಗೆ ಸೌದೆಯೂ ಬೇಕು, ಗಾಳಿಯೂ ಬೇಕು. ಮೆದುಳಿನ ನರಕೋಶಕ್ಕೆ ಗ್ಲುಕೋಸೇ ಸೌದೆ, ಆಕ್ಸಿಜನ್ನೇ ಗಾಳಿ. ಸ್ನಾಯು, ಲಿವರ್ ಇವೆಲ್ಲ ಕಣಜ ಇರುವ ಮನೆಗಳು, ಒಂದಷ್ಟು ಕೂಡಿಟ್ಟುಕೊಂಡಿರುತ್ತವೆ. ಮೆದುಳು ಅಂದು ತಂದು ಅಂದೇ ಉಣ್ಣುವ ಮನೆ. ಅದರ ಬಳಿ ಇರುವ ಸಕ್ಕರೆಯ ದಾಸ್ತಾನು ಅತ್ಯಲ್ಪ, ಆಕ್ಸಿಜನ್ ದಾಸ್ತಾನಂತೂ ಇಲ್ಲವೇ ಇಲ್ಲ. ಮೈಯ ಕೊಬ್ಬನ್ನೂ ಅದು ನೇರವಾಗಿ ಉರಿಸಿಕೊಳ್ಳಲಾರದು. ದಿನಗಟ್ಟಲೆ ಉಪವಾಸ ಮಾಡಿದಾಗ ಲಿವರ್ ಕೊಬ್ಬಿನಿಂದ ಕೀಟೋನ್ ಮಾಡಿ ಕಳಿಸುತ್ತದೆ. ಆದರೆ ಅದು ನಿಧಾನದ ಕೆಲಸ, ಒಂದು ರಾತ್ರಿಯ ಕುಸಿತಕ್ಕೆ ಒದಗುವುದಿಲ್ಲ.

ಖರ್ಚಂತೂ ಜೋರು. ಮೈತೂಕದಲ್ಲಿ ಮೆದುಳಿನ ಪಾಲು ಶೇಕಡಾ 2 ಇದ್ದರೆ, ಸುಮ್ಮನೆ ಮಲಗಿದ್ದಾಗಲೂ ದೇಹದ ಖರ್ಚಿನಲ್ಲಿ ಅದರ ಪಾಲು ಸುಮಾರು 20. ಎಲ್ಲಿಗೆ ಹೋಗುತ್ತದೆ ಇಷ್ಟೊಂದು? ನರಕೋಶ ಪ್ರತಿ ಸಲ ಸಂಕೇತ ಕಳಿಸಿದಾಗಲೂ ಸೋಡಿಯಂ ಒಳಗೆ ನುಗ್ಗುತ್ತದೆ. ಅದನ್ನು ಮತ್ತೆ ಹೊರಗೆ ತಳ್ಳಬೇಕು. ತೂತುಬಿದ್ದ ದೋಣಿಯಿಂದ ನೀರು ಮೊಗೆದು ಚೆಲ್ಲಿದ ಹಾಗೆ, ನಿಲ್ಲಿಸುವಂತಿಲ್ಲ. ಶಕ್ತಿಯ ದೊಡ್ಡ ಪಾಲು ಈ ಮೊಗೆಯುವುದಕ್ಕೇ ಹೋಗುತ್ತದೆ.

ಗಂಟೆಗೆ ಸುಮಾರು 5 ಗ್ರಾಂ ಗ್ಲುಕೋಸ್ ಮೆದುಳಿಗೆ ಬೇಕು. ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಕರಗಿರುವುದೂ ಅಷ್ಟೇ, ಒಂದು ಚಹಾ ಚಮಚದಷ್ಟು. ಹಾಗಾದರೆ ಒಂದು ಗಂಟೆಯಲ್ಲಿ ಖಾಲಿ ಆಗಬೇಕಲ್ವಾ? ಆಗುವುದಿಲ್ಲ, ಯಾಕೆಂದರೆ ಲಿವರ್ ತನ್ನ ಕಣಜದಿಂದ ಹೊತ್ತುಹೊತ್ತಿಗೆ ಸುರಿಯುತ್ತಲೇ ಇರುತ್ತದೆ. ಅಜ್ಜನ ವಿಷಯದಲ್ಲಿ ತಪ್ಪಿದ್ದು ಇಲ್ಲೇ. ಎರಡು ದಿನದಿಂದ ಭೇದಿ, ಊಟ ಬಿಟ್ಟಿದ್ದರು. ಆದರೆ ಶುಗರ್ ಮಾತ್ರೆ ಬಿಟ್ಟಿರಲಿಲ್ಲ. ಅದು ಗ್ಲಿಮೆಪಿರೈಡ್. ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ಅಂತ ಕೇಳದೆ ಅದು ಇನ್ಸುಲಿನ್ ಹೊರಡಿಸುತ್ತದೆ, ಆ ಇನ್ಸುಲಿನ್ ಲಿವರಿನ ಕಣಜಕ್ಕೆ ಬೀಗ ಹಾಕುತ್ತದೆ.

ಆಕ್ಸಿಜನ್ ನಿಂತಾಗಿನ ಕಥೆ ಬೇರೆ. ಹೃದಯ ನಿಂತು ಮೆದುಳಿಗೆ ರಕ್ತವೇ ಹೋಗದಿದ್ದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಸಕ್ಕರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಾಗಾಗಿ ಮೊದಲು ಹೋಗುವುದು ಎಚ್ಚರ ಅಲ್ಲ, ವಿವೇಚನೆ. ಕೇಳಿದಾಗ ಸೊಸೆ ಒಂದೊಂದಾಗಿ ಹೇಳಿದರು. ಆರು ಗಂಟೆಗೆ ಕಾರಣವಿಲ್ಲದೆ ಬೈದರಂತೆ. ಏಳಕ್ಕೆ ಅಂಗಿಯನ್ನು ಒಳಗು ಹೊರಗಾಗಿ ಹಾಕಿಕೊಂಡಿದ್ದರು. ಹಾಲಿನವನಿಗೆ ದುಡ್ಡು ಎಣಿಸಲು ಹೋಗಿ ಮೂರು ಸಲ ತಪ್ಪಿದರು. "ಒಂದು ತುತ್ತು ಉಣ್ಣಿ ಮಾವ" ಅಂದರೆ "ನನಗೇನೂ ಆಗಿಲ್ಲ" ಅಂತ ತಟ್ಟೆ ತಳ್ಳಿದರು. ಹಟ ಅಂತ ಎಲ್ಲರೂ ಸುಮ್ಮನಾದರು. ಏನೋ ಆಗಿದೆ ಅಂತ ಗುರುತಿಸಬೇಕಾದ ಮೆದುಳಿಗೇ ಸೌದೆ ಇರಲಿಲ್ಲ.

ಎದೆ ಡವಡವ, ಕೈ ನಡುಕ ಬರಬೇಕಿತ್ತಲ್ಲ? ಬಿಪಿಗೆ ಅಂತ ಅವರು ಅಟೆನೊಲಾಲ್ ನುಂಗುತ್ತಿದ್ದರು. ಆ ಜಾತಿಯ ಮಾತ್ರೆಗಳು ನಡುಕ, ಎದೆಬಡಿತ ಎರಡನ್ನೂ ಮುಚ್ಚಿಡಬಲ್ಲವು. ಬೆವರನ್ನು ಮುಚ್ಚಿಡಲಾರವು. ಆ ತೊಯ್ದ ಅಂಗಿಯೇ ಉಳಿದಿದ್ದ ಸುಳಿವು. ಸಕ್ಕರೆ ಇಡೀ ಮೆದುಳಿಗೆ ಕಡಿಮೆಯಾದರೂ ಕೆಲವರಲ್ಲಿ ಹೀಗೆ ಒಂದೇ ಪಕ್ಕದ ಕೈಕಾಲು ಸೋಲುತ್ತದೆ. ಹೊರಗಿನಿಂದ ಲಕ್ವಕ್ಕೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಜ್ಜ ಅಷ್ಟು ಬೇಗ ಎದ್ದದ್ದು ಹೇಗೆ ಅಂದರೆ, ಅವರ ನರಕೋಶಗಳು ಸತ್ತಿರಲಿಲ್ಲ, ಕೆಲಸ ನಿಲ್ಲಿಸಿ ಸುಮ್ಮನೆ ಕೂತಿದ್ದವು.

ಅಜ್ಜ ಎದ್ದು ಕೂತದ್ದೇ ಮನೆಗೆ ಹೊರಟರು. ಮಗನೂ ಜೀಪಿನವನಿಗೆ ಫೋನ್ ಮಾಡಿದ. ಇಂಥ ಹೊತ್ತಿನಲ್ಲೇ ನಾವು ಎಡವುವುದು. ಕೊಟ್ಟ 25 ಗ್ರಾಂ ಬೇಗ ಮುಗಿಯುತ್ತದೆ, ಮಾತ್ರೆಯ ಕೆಲಸ ಮುಗಿಯುವುದಿಲ್ಲ. ಅದರಲ್ಲೂ ಕಿಡ್ನಿ ಸೋತಿದ್ದರೆ ಮಾತ್ರೆ ಮೈಯಲ್ಲೇ ಉಳಿಯುತ್ತದೆ. ಅನ್ನ, ಸಾರು ತರಿಸಿ ಉಣ್ಣಿಸಿದೆವು, ಶೇಕಡಾ 10ರ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ ಗಂಟೆಗೊಮ್ಮೆ ಬೆರಳು ಚುಚ್ಚಿದೆವು. ಹನ್ನೊಂದಕ್ಕೆ 148. ಹನ್ನೆರಡಕ್ಕೆ 92. ಒಂದೂವರೆಗೆ ಸಿಸ್ಟರ್ ನನ್ನನ್ನು ಎಬ್ಬಿಸಿದರು, 52. ಅಜ್ಜ ಮತ್ತೆ ಬೆವರುತ್ತಿದ್ದರು, ಡ್ರಿಪ್ಪಿನ ಪೈಪು ಕಿತ್ತುಹಾಕಲು ನೋಡುತ್ತಿದ್ದರು. ಮತ್ತೊಂದು ಬಾಟಲಿ ಹೋಯಿತು, ಡ್ರಿಪ್ಪಿನ ವೇಗ ಹೆಚ್ಚಾಯಿತು. ಬೆಳಿಗ್ಗೆ ಕಿಡ್ನಿಯ ಸ್ಥಿತಿ ಹೇಳುವ ರಕ್ತಪರೀಕ್ಷೆ ಕ್ರಿಯಾಟಿನಿನ್ 2.4 ಬಂತು, ಅಂದರೆ ಕಿಡ್ನಿ ಸೋತಿತ್ತು. ಮಾತ್ರೆ ಯಾಕೆ ಇಳಿಯುತ್ತಿರಲಿಲ್ಲ ಅಂತ ಆಗ ಗೊತ್ತಾಯಿತು. ಎರಡು ದಿನ ಇಟ್ಟುಕೊಂಡೆವು, ಆ ಮಾತ್ರೆ ನಿಲ್ಲಿಸಿದೆವು.

ಹೋಗುವಾಗ ಸೊಸೆಗೆ ಒಂದೇ ವಿಷಯ ಹೇಳಿದೆ. ಮತ್ತೆ ಹೀಗೆ ಕಂಡರೆ, ನುಂಗುವಷ್ಟು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಕಾಲು ಗಂಟೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ, ಒಂದು ಪಕ್ಕಕ್ಕೆ ಮಲಗಿಸಿ ಕರೆತನ್ನಿ.

ಅಜ್ಜನಿಗೆ ಆ ಸಂಜೆ ಐದರ ನಂತರದ್ದು ಏನೂ ನೆನಪಿರಲಿಲ್ಲ. ಜೀಪು ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ಡಾಕ್ಟ್ರೇ, ನಾನು ಸೊಸೆಗೆ ಬೈದ್ನಂತೆ. ಏನಂತ ಬೈದೆ ಅಂತ ನಿಮಗೇನಾದ್ರೂ ಹೇಳಿದ್ಲಾ?"